ಏಣಿ ಏರುವ ಮುನ್ನ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮುಂಗಾರಿಗೆ ಮುನ್ನ ಹೆಂಚಿನ ಮಾಡುಗಳ ದುರಸ್ತಿ ನಡೆಯುತ್ತದೆ. ಏಣಿಯಿಂದ ಬಿದ್ದವರು ನಮ್ಮ ಬಳಿಗೆ ಬರುವುದೂ ಆಗಲೇ. ಒಬ್ಬರು ಹಿಮ್ಮಡಿ ನೋವಿಗೆ ಎಣ್ಣೆ ಕೇಳಲು ಬಂದಿದ್ದರು. ಎತ್ತರದಿಂದ ಕಾಲೂರಿ ಬಿದ್ದಾಗ ಆಘಾತವು ಹಿಮ್ಮಡಿಯಿಂದ ಬೆನ್ನಿಗೂ ಏರುತ್ತದೆ. ಆದ್ದರಿಂದ ನಾವು ಎಣ್ಣೆ ಕೊಡದೆ ಕ್ಷ-ಕಿರಣ ಪರೀಕ್ಷೆಗೆ ಕಳುಹಿಸಿದೆವು. ಹಿಮ್ಮಡಿಯೊಡನೆ ಸೊಂಟದ ಮೇಲ್ಭಾಗದ ಬೆನ್ನುಮೂಳೆಯೂ ಕುಸಿದಿತ್ತು.

ವಿಚಾರಿಸಿದಾಗ ಕಾರಣ ತಿಳಿಯಿತು. ಸೂರಿನ ಎತ್ತರ 12 ಅಡಿ. ಏಣಿಯ ಬುಡವನ್ನು ಅವರು ಗೋಡೆಯ ಕಡೆಯಿಂದ 6 ಅಡಿ ದೂರದಲ್ಲಿ, ನಯವಾದ ಸಿಮೆಂಟಿನ ಅಂಗಳದ ಮೇಲೆ ಇಟ್ಟಿದ್ದರು. ಹೆಚ್ಚು ಓರೆಯಾದ ಏಣಿಯಲ್ಲಿ ಮನುಷ್ಯ ಮೇಲೇರಿದಷ್ಟೂ ಬುಡವನ್ನು ಹೊರಕ್ಕೆ ತಳ್ಳುವ ಬಲ ಹೆಚ್ಚುತ್ತದೆ. ಬುಡ ಜಾರಿತು.

ಏಣಿ ಒರಗುವ ಎತ್ತರ ನಾಲ್ಕು ಪಾಲಾದರೆ ಬುಡ ಒಂದು ಪಾಲು ದೂರವಿರಬೇಕು. ಅಂದರೆ 12 ಅಡಿಗೆ 3 ಅಡಿ. ಇನ್ನೂ ಹತ್ತಿರವಿಟ್ಟರೆ ಏಣಿ ಹಿಂದಕ್ಕೆ ಮಗುಚೀತು. ಅಳತೆಪಟ್ಟಿ ಇಲ್ಲದಿದ್ದರೆ, ಕಾಲ್ಬೆರಳನ್ನು ಏಣಿಯ ಬುಡಕ್ಕೆ ತಾಗಿಸಿ ನೆಟ್ಟಗೆ ನಿಂತು ಕೈಗಳನ್ನು ಮುಂದಕ್ಕೆ ಚಾಚಬೇಕು. ಅಂಗೈ ಭುಜದ ಮಟ್ಟದ ಮೆಟ್ಟಿಲನ್ನು ಮುಟ್ಟಿದರೆ ಓರೆ ಸರಿಯಾಗಿದೆ. ಮಾಡಿನ ಮೇಲಕ್ಕೆ ದಾಟುವುದಾದರೆ ಏಣಿಯು ಸೂರಿಗಿಂತ 3 ಅಡಿ ಮೇಲಿರಬೇಕು. ಆದುದರಿಂದ ಈ ಕೆಲಸಕ್ಕೆ 16 ಅಡಿಯ ಏಣಿ ಬೇಕು. ತುದಿಯನ್ನು ಹಗ್ಗದಿಂದ ಬಿಗಿಯುವವರೆಗೆ ಕೆಳಗೊಬ್ಬರು ಹಿಡಿದಿರಲಿ.

ಏರುವಾಗಲೂ ಇಳಿಯುವಾಗಲೂ ಮುಖ ಏಣಿಯ ಕಡೆಗಿರಲಿ. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಹೀಗೆ ಮೂರು ಅಂಗಗಳು ಸದಾ ಏಣಿಯನ್ನು ಹಿಡಿದಿರಬೇಕು. ಆಗ ಒಂದು ಜಾರಿದರೂ ಉಳಿದೆರಡು ದೇಹವನ್ನು ತಡೆಯುತ್ತವೆ. ಕೈಯಲ್ಲಿ ಹೆಂಚು ಹಿಡಿದು ಏರುವವರಿಗೆ ಇದು ಸಾಧ್ಯವಿಲ್ಲ. ಸಾಮಾನನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಮೇಲೆಳೆದುಕೊಳ್ಳಬೇಕು.

ಏರುವ ಮುನ್ನ ಏಣಿಯನ್ನು ನೆಲದ ಮೇಲೆ ಮಲಗಿಸಿ ಪರೀಕ್ಷಿಸಬೇಕು. ಬಿದಿರಿನದಾದರೆ ಸೀಳು, ಹುಳು ಕೊರೆದ ಪುಡಿ, ಸಡಿಲವಾದ ಕಟ್ಟು ನೋಡಬೇಕು. ಅಲ್ಯೂಮಿನಿಯಮ್ಮಿನದಾದರೆ ಬಾಗಿದ ಮೆಟ್ಟಿಲು, ಸವೆದ ರಬ್ಬರ್ ಪಾದ ನೋಡಬೇಕು. ಅದನ್ನು ವಿದ್ಯುತ್ ತಂತಿಯ ಬಳಿ ಒಯ್ಯಲೇಬಾರದು. ನೀರಿನ ಟ್ಯಾಂಕಿಗೆ ಜೋಡಿಸಿದ ಕಬ್ಬಿಣದ ಏಣಿ ಗೋಡೆಯೊಳಗೆ ಸೇರುವಲ್ಲಿ ಮೊದಲು ತುಕ್ಕು ಹಿಡಿಯುತ್ತದೆ. ಬಣ್ಣ ಉಬ್ಬಿದ್ದರೆ, ಅಲುಗಿಸಿದಾಗ ಗಾರೆ ಉದುರಿದರೆ ಏರಬಾರದು. ದೋಷವಿರುವ ಏಣಿಗೆ ಗುರುತು ಕಟ್ಟಿ ಬೇರೆಡೆ ಇಡಬೇಕು. ಇಲ್ಲದಿದ್ದರೆ ಮರುದಿನ ಮತ್ತೊಬ್ಬರು ಅದನ್ನೇ ಏರುತ್ತಾರೆ.

ಒಂದು ವೇಳೆ ಯಾರಾದರೂ ಬಿದ್ದರೆ ಎತ್ತಿ ಕೂರಿಸಬೇಡಿ, ಉಜ್ಜಬೇಡಿ. ತಲೆ, ಕತ್ತು ಅಲುಗದಂತೆ ಮಲಗಿದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ. ಎಣ್ಣೆ, ಲೇಪಗಳೆಲ್ಲ ಮೂಳೆಯ ಸ್ಥಿತಿ ತಿಳಿದ ಅನಂತರದ ಮಾತು.