ಅಪ್ಪನ ಗೃಹಸಾಲ: ಸಹಿ ಹಾಕುವ ಮುನ್ನ

ಅಪ್ಪ 2024ರಲ್ಲಿ ತೀರಿಕೊಂಡಾಗ ಮೈಸೂರಿನ ಮನೆಯ ಮೇಲೆ ಸಾಲ ಇನ್ನೂ ಬಾಕಿಯಿತ್ತು. ಮರಣ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದರೆ ಅಧಿಕಾರಿ ಒಂದು ಅರ್ಜಿ ಮುಂದಿಟ್ಟರು. “ಸಾಲ ನಿಮ್ಮ ಹೆಸರಿಗೆ ಮಾಡ್ಕೊಂಡ್ಬಿಡಿ ಸಾರ್, ಕಂತು ಸಲೀಸಾಗಿ ಹೋಗ್ತಿರುತ್ತೆ” ಎಂದರು. ಅರ್ಜಿಯನ್ನು ಮನೆಗೆ ತಂದೆ, ಸಹಿ ಮಾತ್ರ ಹಾಕಲಿಲ್ಲ.

ಕಾರಣವಿತ್ತು. ತೀರಿಕೊಂಡವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಬ್ಯಾಂಕು ಅಡವಿಟ್ಟ ಮನೆಯನ್ನು ಮಾರಬಹುದು, ಅಪ್ಪ ಬಿಟ್ಟುಹೋದ ಠೇವಣಿಯನ್ನೂ ಕೇಳಬಹುದು. ಆದರೆ ನನ್ನ ಸಂಬಳಕ್ಕೋ ನನ್ನ ಸ್ವಂತ ಸೈಟಿಗೋ ಕೈ ಹಾಕುವಂತಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಹೊಣೆಯೂ 2005ರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಅನ್ವಯಿಸುವುದಿಲ್ಲ. ಆ ಅರ್ಜಿಗೆ ಸಹಿ ಬಿದ್ದರೆ ಈ ಮಿತಿ ಹೋಗುತ್ತದೆ, ನಾನೇ ಸಾಲಗಾರನಾಗುತ್ತೇನೆ. ಅದೂ ಅಲ್ಲದೆ ಮನೆಯಲ್ಲಿ ಅಮ್ಮನಿಗೂ ತಂಗಿಗೂ ನನ್ನಷ್ಟೇ ಪಾಲಿದೆ. ನಾನೊಬ್ಬನೇ ಸಹಿ ಹಾಕಿದರೆ ಮನೆ ಮೂವರದು, ಸಾಲ ಒಬ್ಬನದು. ಮೊದಲೇ ಸಹ ಅರ್ಜಿದಾರರೋ ಜಾಮೀನುದಾರರೋ ಆಗಿ ಸಹಿ ಮಾಡಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಅವರು ಪೂರ್ತಿ ಸಾಲಕ್ಕೆ ಹೊಣೆ.

ಹಾಗಾಗಿ ಮೊದಲು ಹುಡುಕಿದ್ದು ಸಾಲದ ವಿಮೆಯನ್ನು. ಅಪ್ಪ 2018ರಲ್ಲಿ 30 ಲಕ್ಷ ರೂಪಾಯಿ ಸಾಲವನ್ನು 20 ವರ್ಷಕ್ಕೆ, ಶೇ 8.5ರ ಬಡ್ಡಿಗೆ ತೆಗೆದಿದ್ದರು. ಕಂತು ಸುಮಾರು 26 ಸಾವಿರ. ವಿಮೆಯ ಪ್ರೀಮಿಯಂ ಒಂದೇ ಸಲಕ್ಕೆ ಕಟ್ಟಿದ್ದರಿಂದ ಮನೆಯಲ್ಲಿ ಯಾರಿಗೂ ಅದರ ನೆನಪಿರಲಿಲ್ಲ. ಸಾಲದ ಕಡತದಲ್ಲಿ ವಿಮಾ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ಮೂರು ವಿಷಯ ನೋಡಬೇಕು: ವಿಮೆ ಯಾರ ಜೀವದ ಮೇಲಿದೆ, ಎಷ್ಟು ವರ್ಷಕ್ಕಿದೆ, ವರ್ಷವರ್ಷಕ್ಕೆ ಎಷ್ಟು ಇಳಿಯುತ್ತದೆ. 20 ವರ್ಷದ ಸಾಲಕ್ಕೆ ಐದೋ ಹತ್ತೋ ವರ್ಷದ ವಿಮೆ ಮಾಡಿಸಿರುವುದೂ ಉಂಟು.

ನಮ್ಮ ಪ್ರಮಾಣಪತ್ರದ ಪಟ್ಟಿಯ ಪ್ರಕಾರ ಆರು ವರ್ಷದ ಕೊನೆಗೆ ಸಿಗಬೇಕಾದದ್ದು ಸುಮಾರು 25.5 ಲಕ್ಷ. ಬ್ಯಾಂಕಿನ ಲೆಕ್ಕದಲ್ಲಿ ಬಾಕಿ ಸುಮಾರು 27.6 ಲಕ್ಷ. ಈ ಅಂತರದ ಮೂಲ 2020ರ ಕೋವಿಡ್ ಕಾಲದಲ್ಲಿತ್ತು. ಆಗ ಅಪ್ಪ ಆರು ತಿಂಗಳು ಕಂತು ಮುಂದೂಡಿದ್ದರು; ಆ ಅವಧಿಯ ಬಡ್ಡಿ ಅಸಲಿಗೆ ಸೇರಿ, ಮತ್ತೆ ಬಡ್ಡಿ ಎಳೆಯುತ್ತಾ ಬಂತು. ವಿಮೆಯ ಪಟ್ಟಿಯಾದರೋ ಸಾಲ ಪಡೆದ ದಿನವೇ ಬರೆದಿಟ್ಟದ್ದು. ಬಡ್ಡಿ ಏರಿ ಅವಧಿ ಹಿಗ್ಗಿದರೂ ಇದೇ ಕಥೆ. ಹಾಗಾಗಿ ವಿಮೆ ಇದೆ ಎಂದ ಮಾತ್ರಕ್ಕೆ ಸಾಲ ಪೂರ್ತಿ ಚುಕ್ತಾ ಎಂದುಕೊಳ್ಳುವಂತಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ವಿಮಾ ಕಂಪನಿ ಹಳೆಯ ಆಸ್ಪತ್ರೆ ಕಾಗದ ಕೇಳಿತು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಪಾಲಿಸಿ ಶುರುವಾಗಿ ಮೂರು ವರ್ಷ ಕಳೆದ ಮೇಲೆ ಕಾಯಿಲೆ ಮುಚ್ಚಿಟ್ಟರೆಂಬ ನೆಪದಲ್ಲಿ ಅದನ್ನು ಪ್ರಶ್ನಿಸುವಂತಿಲ್ಲ. ಅದನ್ನೇ ಲಿಖಿತವಾಗಿ ಕೊಟ್ಟೆ. ಕ್ಲೇಮು ಮಂಜೂರಾಗಿ ಹಣ ನೇರವಾಗಿ ಸಾಲದ ಖಾತೆಗೆ ಹೋಯಿತು.

ಅಲ್ಲಿಯವರೆಗೂ ಕಂತು ನಿಲ್ಲಬಾರದು. ಸಾವಿನ ಸುದ್ದಿ ತಿಳಿದ ಮೇಲೆ ಅಪ್ಪನ ಉಳಿತಾಯ ಖಾತೆಯಿಂದ ಹಣ ಕಡಿತವಾಗುವುದಿಲ್ಲ, ಆದರೆ 27.6 ಲಕ್ಷದ ಮೇಲೆ ತಿಂಗಳಿಗೆ ಸುಮಾರು 19,500 ರೂಪಾಯಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು, ಅದಕ್ಕೂ ಹಣ ಬರದಿದ್ದರೆ ಮನೆಯ ಸ್ವಾಧೀನ, ಹರಾಜು. ವಾರಸುದಾರರೆಂದು ಬರೆದುಕೊಟ್ಟೇ ನಾವು ಸಾಲದ ಖಾತೆಗೆ ಕಂತು ತುಂಬಿ ರಸೀದಿ ಇಟ್ಟುಕೊಂಡೆವು. ವಿಮೆಯ ಹಣ ಹೋಗಿ ಉಳಿದ ಬಾಕಿಯನ್ನು ಮೂವರೂ ಒಪ್ಪಿ ಅಪ್ಪನ ಠೇವಣಿಯಿಂದಲೇ ತೀರಿಸಿದೆವು. ಸಾಲ ನನ್ನ ಹೆಸರಿಗೆ ಬರಲೇ ಇಲ್ಲ.

ವಿಮೆ ಇಲ್ಲದ ಮನೆಯವರು ಮೊದಲು ಮನೆಯ ಈಗಿನ ಬೆಲೆಯನ್ನೂ ಬಾಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಮನೆ ಉಳಿಸಿಕೊಳ್ಳುವುದಾದರೆ ಯಾರು ಕಟ್ಟುತ್ತಾರೋ ಅವರ ಪಾಲು, ಉಳಿದವರ ಹಕ್ಕು ಬಿಡುಗಡೆ, ಹೊಸ ಬಡ್ಡಿದರ ಇವೆಲ್ಲ ಕಾಗದದ ಮೇಲೆ ಖಚಿತವಾದ ಮೇಲೆ ಸಹಿ. ಉಳಿಸಿಕೊಳ್ಳಲಾಗದಿದ್ದರೆ ಬ್ಯಾಂಕಿನ ಒಪ್ಪಿಗೆ ಪಡೆದು ನಾವೇ ಮಾರುವುದು ಮೇಲು. ಹರಾಜಿನಲ್ಲಿ ಸಾಮಾನ್ಯವಾಗಿ ಬೆಲೆ ಬೀಳುತ್ತದೆ. ಹರಾಜೇ ಆದರೂ ಸಾಲ, ಖರ್ಚು ಕಳೆದು ಮಿಕ್ಕ ಹಣ ವಾರಸುದಾರರದು.

ಸಾಲ ತೀರಿದ ಮೇಲೆ ಮೂಲ ಪತ್ರಗಳನ್ನು 30 ದಿನದೊಳಗೆ ಕೊಡಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬುದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಪತ್ರ ಪಡೆಯಲು ನಾಡಕಚೇರಿಯ ವಂಶವೃಕ್ಷ ಬೇಕಾಯಿತು. ಅಡಮಾನ ನೋಂದಣಿಯಾಗಿದ್ದರೆ ಅದರ ರದ್ದತಿಯನ್ನೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿ, ಹೊಸ ಇಸಿ ತೆಗೆಸಿ ನೋಡಿ. ಇಲ್ಲದಿದ್ದರೆ ತೀರಿದ ಸಾಲವೂ ಮನೆ ಮಾರುವ ದಿನ ದಾಖಲೆಯಲ್ಲಿ ಬಾಕಿಯಾಗಿಯೇ ಕಾಣುತ್ತದೆ.