ಫಲಿತಾಂಶದ ದಿನದಿಂದ ಎಳೆದ ಗೆರೆ

ಒಂದು ಮುಖ್ಯ ದಿನದಿಂದ, ಉದಾಹರಣೆಗೆ ಕಂಪನಿಯ ತ್ರೈಮಾಸಿಕ ಫಲಿತಾಂಶದ ದಿನದಿಂದ, ನಡೆದ ವಹಿವಾಟಿನ ಸರಾಸರಿ ಬೆಲೆಯೇ ಆಂಕರ್ಡ್ ವಿವಾಪ್. ಮೊದಲ ದಿನ 100 ರೂಪಾಯಿಯಂತೆ 3,000 ಷೇರು, ಮರುದಿನ 110ರಂತೆ 1,000 ಷೇರು ಕೈಬದಲಾದರೆ, 4,10,000ವನ್ನು 4,000ದಿಂದ ಭಾಗಿಸಿ, ಗೆರೆ 102.50ರಲ್ಲಿ ನಿಲ್ಲುತ್ತದೆ. ಅಲ್ಲಿಗೆ ಇಳಿದಾಗ ಕೊಂಡವರು ಮಾರದೆ ಉಳಿದರೆ ಅದೇ ಆಸರೆ.

ನನ್ನ ನಿಯಮ ಇಷ್ಟೇ: ಬೆಲೆ ಗೆರೆ ಮುಟ್ಟಿಯೂ ಅದರ ಮೇಲೆ ದಿನ ಮುಗಿಸಿದರೆ ಮರುದಿನ ಬೆಳಿಗ್ಗೆ ಖರೀದಿ, ಕೆಳಗೆ ಮುಗಿಸಿದರೆ ಮರುದಿನ ಬೆಳಿಗ್ಗೆ ಮಾರಾಟ. ಹಳೆಯ ಬೆಲೆಗಳ ಮೇಲೆ ಕಾಗದದಲ್ಲೇ ಪರೀಕ್ಷಿಸಿದಾಗ ಒಳ್ಳೆಯ ಲಾಭ ಕಂಡಿತು. ಆದರೆ ಬೆಲೆ ಏರಿದ್ದನ್ನು ನೋಡಿದ ಮೇಲೆ ನಾನು ಆರಂಭದ ದಿನವನ್ನು ಆರಿಸಿದ್ದೆ! ಎಲ್ಲ ಷೇರಿಗೂ ಫಲಿತಾಂಶದ ದಿನವನ್ನೇ ಹಿಡಿದು, ದಲ್ಲಾಳಿ ಶುಲ್ಕವನ್ನೂ ಕಳೆದಾಗ, ಆ ಲಾಭದ ಬಹುಪಾಲು ಉಳಿಯಲಿಲ್ಲ.