ಅಡುಗೆಮನೆಯ ಕರೆಂಟ್ ಲೆಕ್ಕ: 200 ಯೂನಿಟ್ ಗೆರೆ ದಾಟದಿರಲು ಐದು ಸೂತ್ರ

ಗೃಹಜ್ಯೋತಿ ಬಂದ ಮೇಲೆ ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ಒಂದು ಯೂನಿಟ್‌ನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಅದು ಸೊನ್ನೆ, ಕೆಲವರಿಗೆ ಏಳು ರೂಪಾಯಿಯ ಹತ್ತಿರ. 201ನೇ ಯೂನಿಟ್ ಮಾತ್ರ ಸಾವಿರಕ್ಕೂ ಮೇಲೆ ಬೀಳಬಹುದು.

1. ಮೊದಲು ಯೂನಿಟ್, ಆಮೇಲೆ ರೂಪಾಯಿ. ವ್ಯಾಟನ್ನು ದಿನದ ಗಂಟೆಯಿಂದ ಗುಣಿಸಿ, 30ರಿಂದ ಗುಣಿಸಿ, 1000ದಿಂದ ಭಾಗಿಸಿ. 750 ವ್ಯಾಟ್‌ನ ಮಿಕ್ಸಿ ದಿನಕ್ಕೆ ಕಾಲು ಗಂಟೆ ಓಡಿದರೆ ತಿಂಗಳಿಗೆ ಸುಮಾರು ಐದೂವರೆ ಯೂನಿಟ್. ಇಡ್ಲಿ ಹಿಟ್ಟು ರುಬ್ಬುವ 150 ವ್ಯಾಟ್ ಗ್ರೈಂಡರ್ ವಾರಕ್ಕೆರಡು ಸಲ ಮುಕ್ಕಾಲು ಗಂಟೆ ಓಡಿದರೂ ಒಂದು ಯೂನಿಟ್ ಆಸುಪಾಸು. ಇವೆರಡರ ಚಿಂತೆ ಬಿಡಿ.

2. ಫ್ರಿಜ್‌ಗೆ ಈ ಲೆಕ್ಕ ಹಾಕಬೇಡಿ. ಅದು ಇಡೀ ದಿನ ಪ್ಲಗ್‌ನಲ್ಲಿದ್ದರೂ ಕಂಪ್ರೆಸರ್ ಆಗಾಗ ನಿಲ್ಲುತ್ತದೆ. ಸ್ಟಾರ್ ಲೇಬಲ್‌ನಲ್ಲಿರುವ ವರ್ಷದ ಯೂನಿಟ್ಟನ್ನು 12ರಿಂದ ಭಾಗಿಸಿ.

3. ಇಂಡಕ್ಷನ್ ಒಲೆಯನ್ನು ಮೀಟರ್‌ನಲ್ಲೇ ಅಳೆಯಿರಿ. ಮೇಲೆ 2000 ವ್ಯಾಟ್ ಎಂದಿದ್ದರೂ ಉರಿ ತಗ್ಗಿಸಿದಾಗ ಅಷ್ಟು ಎಳೆಯುವುದಿಲ್ಲ. ಮನೆಯ ಬೇರೆಲ್ಲವನ್ನೂ ಆರಿಸಿ, ಒಲೆ ಮಾತ್ರ ಹಚ್ಚಿ, ಮೀಟರ್‌ನ ಕೆಂಪು ದೀಪ ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗುತ್ತದೆ ಎಣಿಸಿ. ಮೀಟರ್ ಮೇಲೆ 3200 imp/kWh ಎಂದಿದ್ದರೆ 3200 ಮಿನುಗಿಗೆ ಒಂದು ಯೂನಿಟ್. ನಿಮಿಷಕ್ಕೆ 64 ಸಲ ಮಿನುಗಿದರೆ ಗಂಟೆಗೆ 3840, ಅಂದರೆ 1.2 ಯೂನಿಟ್. ದಿನಕ್ಕೆ ಒಂದೂವರೆ ಗಂಟೆ ಉರಿಸಿದರೆ ತಿಂಗಳಿಗೆ 54 ಯೂನಿಟ್. ಅಡುಗೆಮನೆಯಲ್ಲಿ ಲೆಕ್ಕ ಇಡಬೇಕಾದ್ದು ಇದಕ್ಕೇ.

4. ನಿಮ್ಮ ಉಚಿತ ಮಿತಿ ತಿಳಿದುಕೊಳ್ಳಿ. 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2022-23ರ ನಿಮ್ಮ ತಿಂಗಳ ಸರಾಸರಿಗೆ ಸಾಮಾನ್ಯವಾಗಿ ಶೇ. 10 ಸೇರಿಸಿ ಮಿತಿ ಗೊತ್ತುಮಾಡಿದ್ದಾರೆ. ಮಿತಿ ದಾಟಿ 200ರೊಳಗಿದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು.

ಒಂದು ಮನೆಯ ಸರಾಸರಿ 155 ಎನ್ನಿ, ಮಿತಿ 170. ಈಗಲೂ ತಿಂಗಳಿಗೆ 155 ಸುಡುವ ಆ ಮನೆಗೆ ಹೊಸದಾಗಿ ಇಂಡಕ್ಷನ್ ಬಂದು 54 ಸೇರಿದರೆ 209. 2025-26ರ ಯೂನಿಟ್ ದರ 5.80 ರೂ. ತೆರಿಗೆ, ಸರ್‌ಚಾರ್ಜ್ ಸೇರಿ ಏಳು ಎಂದಿಟ್ಟುಕೊಂಡರೆ 1,463 ರೂ. ಎರಡು ಕಿಲೋವ್ಯಾಟ್ ಮಂಜೂರಾತಿ ಇದ್ದರೆ ನಿಗದಿತ ಶುಲ್ಕ 290 ರೂ. ಒಟ್ಟು 1,753. ಅದೇ ಮನೆ ದಿನಕ್ಕೆ 20 ನಿಮಿಷ ಕಡಿಮೆ ಉರಿಸಿದರೆ 197 ಯೂನಿಟ್. ಮಿತಿ ಮೀರಿದ 27ಕ್ಕೆ 189 ರೂ. ಅಷ್ಟೇ. ಬೇಳೆಯೊಂದನ್ನು ಗ್ಯಾಸ್ ಮೇಲಿನ ಕುಕ್ಕರ್‌ಗೆ ಹಾಕಿದರೆ ಆ 20 ನಿಮಿಷ ಉಳಿಯುತ್ತದೆ.

5. ಇಪ್ಪತ್ತನೇ ದಿನ ಮೀಟರ್ ನೋಡಿ. ಕ್ಯಾಲೆಂಡರ್ ತಿಂಗಳಲ್ಲ, ರೀಡಿಂಗ್ ತೆಗೆದ ದಿನದಿಂದ ಎಣಿಸಿ. ಸೆಸ್ಕ್ ಬಿಲ್ಲಿನಲ್ಲಿರುವ ಹಿಂದಿನ ರೀಡಿಂಗನ್ನು ಇಂದಿನದರಿಂದ ಕಳೆಯಿರಿ. 133 ದಾಟಿದ್ದರೆ ನೀವು 200ರ ಹಾದಿಯಲ್ಲಿದ್ದೀರಿ. ಉಳಿದ ಹತ್ತು ದಿನ ಇಂಡಕ್ಷನ್ ಆರಿಸಿಡಿ.